ಸೆಲ್ಫಿ ತಪಾಸಣೆ ಕಾಗದದ ಮುಖವನ್ನು ಹಿಡಿಯಿತು, ಕ್ಯಾಮೆರಾ ಮುಂದೆ ಬಾರದ ಮುಖವನ್ನು ಹಿಡಿಯುತ್ತದೆಯೇ?

ಪತ್ತಿನ ಗುಮಾಸ್ತ

ನಮ್ಮದು ಮೈಸೂರು ಜಿಲ್ಲೆಯ ಒಂದು ಸಣ್ಣ ಪತ್ತಿನ ಸಹಕಾರ ಸಂಘ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿರುವ ಸದಸ್ಯರ ಮಕ್ಕಳು ಕಚೇರಿಗೆ ಬಾರದೆ ಸದಸ್ಯತ್ವ ಪಡೆದು ಸಣ್ಣ ಸಾಲಕ್ಕೆ ಅರ್ಜಿ ಹಾಕುವಂತಾಗಬೇಕು ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಒಂದು ಕಂಪನಿಯವರು ಬಂದು ತಮ್ಮ ವ್ಯವಸ್ಥೆ ತೋರಿಸಿದರು. ಮೊದಲು ಗುರುತಿನ ಚೀಟಿಯ ಚಿತ್ರ ಹಾಕಬೇಕು, ಆಮೇಲೆ ಸೆಲ್ಫಿ. ತೆರೆಯ ಮೇಲಿನ ವೃತ್ತದೊಳಗೆ ಮುಖವಿಟ್ಟು, ವೃತ್ತ ದೊಡ್ಡದಾದಾಗ ಫೋನನ್ನು ಹತ್ತಿರಕ್ಕೆ ತರಬೇಕು. ಅಷ್ಟೇ.

ನಮ್ಮ ಲೆಕ್ಕಿಗರ ಬಣ್ಣದ ಫೋಟೋವನ್ನು ಎ4 ಹಾಳೆಯಲ್ಲಿ ಮುದ್ರಿಸಿ ಹಿಡಿದೆವು, ತಿರಸ್ಕರಿಸಿತು. ಅವರದೇ ವೀಡಿಯೊವನ್ನು ಇನ್ನೊಂದು ಮೊಬೈಲಿನಲ್ಲಿ ಓಡಿಸಿ ತೋರಿಸಿದೆವು, ಅದನ್ನೂ ತಿರಸ್ಕರಿಸಿತು. ಅಧ್ಯಕ್ಷರಿಗೆ ಸಂತೋಷವಾಗಿ ಒಪ್ಪಂದಕ್ಕೆ ಸಹಿ ಹಾಕೋಣ ಎನ್ನುತ್ತಿದ್ದಾರೆ. ಕಡತಕ್ಕೆ ಟಿಪ್ಪಣಿ ಬರೆಯಬೇಕಾದವನು ನಾನು. ಕಾಗದ ಎಂದು ಅದಕ್ಕೆ ಹೇಗೆ ಗೊತ್ತಾಯಿತು? ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ವಂಚನೆ ದಾಟಿದ ಪ್ರಮಾಣ "ಶೇಕಡ 0" ಎಂದಿದೆ, ಅದನ್ನು ಎಷ್ಟು ನಂಬಬಹುದು? ಈಗ ಎಲ್ಲರೂ ಹೇಳುವ ಡೀಪ್‌ಫೇಕ್ ಕೂಡ ಆ ಸೊನ್ನೆಯೊಳಗೆ ಬರುತ್ತದೆಯೇ?

ಹಳೇ ರೇಡಿಯೊ

ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಕಣ್ಣು ಮಿಟುಕಿಸಲು ಹೇಳಿದರೆ ಸಾಕು. ಫೋಟೋ ಕಣ್ಣು ಮಿಟುಕಿಸುವುದಿಲ್ಲ. ಡೀಪ್‌ಫೇಕ್ ಮುಖಗಳಿಗೂ ಸರಿಯಾಗಿ ಮಿಟುಕಿಸಲು ಬರುವುದಿಲ್ಲ ಎಂದು ಅಮೆರಿಕದ ಸಂಶೋಧಕರೇ ಹೇಳಿದ್ದಾರೆ. ಅದೂ ಸಾಲದಿದ್ದರೆ ನಾಡಿ ಇದೆ. ಪ್ರತಿ ಬಡಿತಕ್ಕೂ ಮುಖದ ಚರ್ಮದ ಬಣ್ಣ ಕಣ್ಣಿಗೆ ಕಾಣದಷ್ಟು ಬದಲಾಗುತ್ತದೆ, ಕ್ಯಾಮೆರಾ ಅದನ್ನು ಹಿಡಿಯಬಲ್ಲದು. ಕಂಪ್ಯೂಟರ್ ಹುಟ್ಟಿಸಿದ ಮುಖಕ್ಕೆ ಹೃದಯವೇ ಇಲ್ಲ, ನಾಡಿ ಎಲ್ಲಿಂದ ಬರಬೇಕು?

ಮಸೂರ

ಗುಮಾಸ್ತರೇ, ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ತಂಡದಲ್ಲಿದ್ದೇನೆ. ಮೊದಲು ಕಾಗದದ ಪ್ರಶ್ನೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ನೀವು ನೋಡಿದ "ಫೋನನ್ನು ಹತ್ತಿರ ತನ್ನಿ" ಎಂಬ ಹೆಜ್ಜೆ ಅಲಂಕಾರಕ್ಕೆ ಇಟ್ಟದ್ದಲ್ಲ.

ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳಿ. ಫೋನು ಮೂಗಿನಿಂದ 50 ಸೆಂ.ಮೀ. ದೂರದಲ್ಲಿದ್ದರೆ ಕಿವಿಗೆ ಇರುವ ದೂರ 62. ಈಗ ಫೋನನ್ನು 20 ಸೆಂ.ಮೀ.ಗೆ ತನ್ನಿ, ಕಿವಿಗೆ ಇರುವ ದೂರ 32 ಆಗುತ್ತದೆ. ದೂರ ಕಡಿಮೆಯಾದಷ್ಟೂ ಚಿತ್ರದಲ್ಲಿ ವಸ್ತು ದೊಡ್ಡದಾಗುತ್ತದೆ. ಮೂಗು 50ನ್ನು 20ರಿಂದ ಭಾಗಿಸಿದಷ್ಟು, ಅಂದರೆ 2.5 ಪಟ್ಟು ಬೆಳೆಯಿತು. ಕಿವಿ ಬೆಳೆದದ್ದು 62ನ್ನು 32ರಿಂದ ಭಾಗಿಸಿದಷ್ಟು, ಸುಮಾರು 1.9 ಪಟ್ಟು ಮಾತ್ರ. ಮೂಗು ಉಬ್ಬಿ ಕಿವಿಗಳು ಕೆನ್ನೆಯ ಹಿಂದಕ್ಕೆ ಸರಿಯುತ್ತವೆ. ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಎಲ್ಲರೂ ಸ್ವಲ್ಪ ವಿಕಾರವಾಗಿ ಕಾಣುವುದಕ್ಕೆ ಇದೇ ಕಾರಣ.

ನಿಮ್ಮ ಲೆಕ್ಕಿಗರ ಹಾಳೆಯಲ್ಲಿ ಮೂಗು, ಕಿವಿ ಎರಡೂ ಒಂದೇ ಸಮತಲದಲ್ಲಿವೆ. ಫೋನು ಹತ್ತಿರ ಬಂದಾಗ ಎರಡೂ 2.5 ಪಟ್ಟೇ ಬೆಳೆಯುತ್ತವೆ. ಹಾಳೆಯನ್ನು ಬಾಗಿಸಿ ಹಿಡಿದರೆ ಲೆಕ್ಕ ಸ್ವಲ್ಪ ಅಲುಗುತ್ತದೆ, ಆದರೆ ಮೂಗು, ಕಣ್ಣಿನ ಕುಳಿ, ಗಲ್ಲ ಒಂದೊಂದೂ ತನ್ನ ಆಳಕ್ಕೆ ತಕ್ಕಂತೆ ಬದಲಾಗುವುದಿಲ್ಲ. ನಿಮ್ಮ ಹಾಳೆ ಸಿಕ್ಕಿಬಿದ್ದದ್ದು ಮುಖ್ಯವಾಗಿ ಇಲ್ಲಿ. ಮುದ್ರಣದ ಚುಕ್ಕಿಗಳು, ಹಾಳೆಯ ಅಂಚು, ಚರ್ಮಕ್ಕಿಲ್ಲದ ಸಪ್ಪೆ ಹೊಳಪು ಇವೂ ಸಾಕ್ಷಿಗಳೇ.

ಮೊಬೈಲಿನ ವೀಡಿಯೊ ಬೇರೆ ಕಥೆ. ಆ ವೀಡಿಯೊ ತೆಗೆಯುವಾಗಲೇ ಕ್ಯಾಮೆರಾವನ್ನು ಹತ್ತಿರ ತಂದಿದ್ದರೆ ಮೂಗು ಉಬ್ಬುವುದು ಅದರಲ್ಲಿ ಆಗಲೇ ದಾಖಲಾಗಿರುತ್ತದೆ. ಅಲ್ಲಿ ಸಹಾಯಕ್ಕೆ ಬರುವುದು ಪರದೆಯ ಗುಣ. ಪರದೆಯ ಪಿಕ್ಸೆಲ್‌ಗಳದ್ದು ಒಂದು ಜಾಲರಿ, ಕ್ಯಾಮೆರಾ ಸೆನ್ಸರಿನದ್ದು ಇನ್ನೊಂದು. ಒಂದು ಜಾಲರಿಯ ಮೂಲಕ ಇನ್ನೊಂದನ್ನು ನೋಡಿದಾಗ ಕಾಮನಬಿಲ್ಲಿನ ಬಣ್ಣದ ಅಲೆಗಳು ಮೂಡುತ್ತವೆ. ಟಿವಿ ತೆರೆಯ ಫೋಟೋ ತೆಗೆದವರೆಲ್ಲ ಇದನ್ನು ನೋಡಿದ್ದೀರಿ, ಇದಕ್ಕೆ ಮೊಯ್ರೆ ಎನ್ನುತ್ತಾರೆ. ಆದರೆ ಈ ಅಲೆ ಕಂಡರೆ ಮಾತ್ರ ಸಾಕ್ಷಿ, ಕಾಣದಿದ್ದರೆ ಏನೂ ಸಾಬೀತಾಗುವುದಿಲ್ಲ. ಫೋಕಸ್ ಸ್ವಲ್ಪ ತಪ್ಪಿದರೂ ದೂರ ಸ್ವಲ್ಪ ಬದಲಾದರೂ ಅದು ಮಾಯವಾಗುತ್ತದೆ. ಹಾಗಾಗಿ ಒಳ್ಳೆಯ ವ್ಯವಸ್ಥೆ ಇಂಥ ಹಲವು ದುರ್ಬಲ ಸಾಕ್ಷಿಗಳನ್ನು ಕೂಡಿಸಿ ಒಂದು ಅಂಕ ಕೊಡುತ್ತದೆ.

ರೇಡಿಯೊ ಅವರೇ, ಕಣ್ಣು ಮಿಟುಕಿಸುವ ಉಪಾಯ ಹಳೆಯದು. 2011ರಲ್ಲಿ ಆಂಡ್ರಾಯ್ಡ್ 4.0 ಮುಖ ನೋಡಿ ಫೋನ್ ತೆರೆಯುವ ಸೌಲಭ್ಯ ತಂದಾಗ ಫೋಟೋ ತೋರಿಸಿಯೇ ಅದನ್ನು ತೆರೆದರು. ಮರುವರ್ಷ 4.1ರಲ್ಲಿ ಕಣ್ಣು ಮಿಟುಕಿಸುವ ಷರತ್ತು ಸೇರಿಸಿದರು. ಫೋಟೋದಲ್ಲಿ ರೆಪ್ಪೆಯನ್ನು ತಿದ್ದಿ ಎರಡು ಚಿತ್ರಗಳನ್ನು ಅದಲು ಬದಲು ಮಾಡಿ ಅದನ್ನೂ ದಾಟಿದರು. ಡೀಪ್‌ಫೇಕ್‌ಗಳು ಮಿಟುಕಿಸುವುದಿಲ್ಲ ಎಂಬ ಸಂಶೋಧನೆ 2018ರದ್ದು. ತರಬೇತಿಗೆ ಬಳಸಿದ ಚಿತ್ರಗಳಲ್ಲಿ ಕಣ್ಣು ಮುಚ್ಚಿದ ಮುಖಗಳು ಕಡಿಮೆ ಇದ್ದುದರಿಂದ ಆಗ ಅದು ನಿಜವಾಗಿತ್ತು. ಆ ಕೊರತೆ ಬೇಗನೆ ತುಂಬಿತು.

ಹಳೇ ರೇಡಿಯೊ

ಮಿಟುಕಿಸುವುದು ಹೋಗಲಿ ಬಿಡಿ. ನಾಡಿಯ ವಿಷಯಕ್ಕೆ ಉತ್ತರ ಕೊಡಲಿಲ್ಲ.

ಮಸೂರ

ಅದು ಅರ್ಧ ಸರಿ. ಚರ್ಮದ ಬಣ್ಣದಿಂದ ನಾಡಿ ಓದಲು ಸಾಧ್ಯ, ಪ್ರಯೋಗಾಲಯದ ಬೆಳಕಿನಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಬಸ್ಸಿನಲ್ಲಿ ಕುಳಿತು ತೆಗೆದ ಕೆಲವೇ ಸೆಕೆಂಡುಗಳ, ಒತ್ತಿ ಚಿಕ್ಕದು ಮಾಡಿ ಕಳಿಸಿದ ವೀಡಿಯೊದಲ್ಲಿ ಆ ಸೂಕ್ಷ್ಮ ಬದಲಾವಣೆ ಉಳಿದಿರುವುದೇ ಅನುಮಾನ. ಇನ್ನು ಹೃದಯವಿಲ್ಲದ ಮುಖಕ್ಕೆ ನಾಡಿ ಎಲ್ಲಿಂದ ಎಂದು ಕೇಳಿದಿರಿ. ಮುಖ ಬದಲಿಸುವ ಡೀಪ್‌ಫೇಕ್‌ನ ಕೆಳಗೆ ಯಾರೋ ಒಬ್ಬ ನಿಜವಾದ ಮನುಷ್ಯನ ವೀಡಿಯೊ ಇರುತ್ತದೆ, ಅವನ ನಾಡಿ ಮೇಲಿನ ಮುಖಕ್ಕೂ ಹಾದುಬರುತ್ತದೆ ಎಂದು 2025ರಲ್ಲಿ ಬರ್ಲಿನ್‌ನ ಸಂಶೋಧಕರು ತೋರಿಸಿದರು. ಮುಖದ ಯಾವ ಭಾಗದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ಭಾಗ ಭಾಗವಾಗಿ ನೋಡಿದರೆ ವ್ಯತ್ಯಾಸ ಸಿಗಬಹುದು ಎಂಬುದು ಅವರ ಆಶಯ.

ಸುಬ್ಬಣ್ಣ ಕೊಪ್ಪ

ಒಳ್ಳೆಯ ಚರ್ಚೆ. ನನ್ನ ಆಧಾರ್ ಫೋಟೋದಲ್ಲಿ ಗಡ್ಡ ಇದೆ, ಈಗ ಇಲ್ಲ. ಫೋಟೋವನ್ನು ಮನೆಯಲ್ಲೇ ಮೊಬೈಲಿನಿಂದ ಬದಲಿಸಬಹುದೇ?

ರಾತ್ರಿ ಪಾಳಿ

ಆಗುವುದಿಲ್ಲ ಸುಬ್ಬಣ್ಣನವರೇ, ಫೋಟೋಗೆ ಆಧಾರ್ ಕೇಂದ್ರಕ್ಕೇ ಹೋಗಬೇಕು. ಗಡ್ಡ ತೆಗೆದರೆ ಸಾಮಾನ್ಯವಾಗಿ ತೊಂದರೆಯೂ ಇಲ್ಲ. ನೀವು ಕೇಳಿದ್ದು ಮುಖ ಹೊಂದುತ್ತದೆಯೇ ಎಂಬ ಪ್ರಶ್ನೆ. ಇಲ್ಲಿ ನಡೆಯುತ್ತಿರುವ ಮಾತು ಆ ಮುಖ ಈ ಕ್ಷಣ ಜೀವಂತವಾಗಿ ಎದುರಿಗಿದೆಯೇ ಎಂಬುದು. ಎರಡೂ ಬೇರೆ ಬೇರೆ ಪರೀಕ್ಷೆಗಳು. ನಿಮ್ಮ ಫೋಟೋವನ್ನು ಕದ್ದವನು ಮೊದಲನೆಯದರಲ್ಲಿ ನಿಮಗಿಂತ ಹೆಚ್ಚು ಅಂಕ ಪಡೆಯುತ್ತಾನೆ.

ಧಾರವಾಡ ಗಣಿತ

"ಶೇಕಡ 0" ಎಂಬುದರ ಬಗ್ಗೆ ನಾನು ಹೇಳುತ್ತೇನೆ. ಅದು ಒಂದು ಎಣಿಕೆಯ ಫಲಿತಾಂಶ, ಯಂತ್ರದ ಗುಣವಲ್ಲ. ಪ್ರಯೋಗಾಲಯದಲ್ಲಿ 150 ಬಾರಿ ವಂಚನೆ ಯತ್ನಿಸಿ ಒಂದೂ ದಾಟಲಿಲ್ಲ ಎಂದುಕೊಳ್ಳೋಣ. ಹಾಗೆಂದು ನಿಜವಾದ ಪ್ರಮಾಣ ಸೊನ್ನೆಯಲ್ಲ. ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರವಿದೆ: ಒಂದೂ ದಾಟದಿದ್ದಾಗ 3ನ್ನು ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಿ. 150ಕ್ಕೆ ಅದು ಶೇ. 2. ಅಂದರೆ 100ರಲ್ಲಿ 2 ದಾಟುವಷ್ಟು ದುರ್ಬಲವಾದ ವ್ಯವಸ್ಥೆಯೂ ಅದೃಷ್ಟವಿದ್ದರೆ ಇದೇ "0" ಎಂಬ ಪ್ರಮಾಣಪತ್ರ ಪಡೆಯಬಹುದು. 300 ಬಾರಿ ಮಾಡಿದ್ದರೆ ಆ ಮಿತಿ ಶೇ. 1ಕ್ಕೆ ಇಳಿಯುತ್ತದೆ. ಪ್ರಮಾಣಪತ್ರದ ಕೆಳಗೆ ಎಷ್ಟು ಪ್ರಯತ್ನಗಳು ಎಂದು ಇದೆಯೇ ನೋಡಿ.

ಸರಾಸರಿಯನ್ನೂ ನಂಬಬೇಡಿ. ಕಾಗದದ 100 ಯತ್ನಗಳಲ್ಲಿ 0, ಪರದೆಯ 100ರಲ್ಲಿ 0, ಮುಖವಾಡದ 100ರಲ್ಲಿ 30 ದಾಟಿದರೆ ಒಟ್ಟಾರೆ ಶೇ. 10. ಆದರೆ ವಂಚಕ ಸರಾಸರಿಯನ್ನು ಹಿಡಿದುಕೊಂಡು ಬರುವುದಿಲ್ಲ, ಮುಖವಾಡ ಹಾಕಿಕೊಂಡು ಬರುತ್ತಾನೆ.

ಮಸೂರ

ಮೇಷ್ಟ್ರೇ, ಸರಿಯಾಗಿ ಹೇಳಿದಿರಿ. ಈ ಪರೀಕ್ಷೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 30107ರ ಮೂರನೆಯ ಭಾಗ. ಅದೂ ಪ್ರತಿ ಬಗೆಯ ವಂಚನೆಯ ಲೆಕ್ಕವನ್ನು ಬೇರೆಯಾಗಿಯೇ ಕೊಡಬೇಕು ಎನ್ನುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2023ರಲ್ಲಿ 45 ಕಂಪನಿಗಳು ಮತ್ತು ಸಂಸ್ಥೆಗಳ 82 ತಂತ್ರಾಂಶಗಳನ್ನು ಪರೀಕ್ಷಿಸಿತು. ಒಂದು ಬಗೆಯ ವಂಚನೆ ಹಿಡಿಯುವುದರಲ್ಲಿ ಮುಂದಿದ್ದದ್ದು ಇನ್ನೊಂದರಲ್ಲಿ ಹಿಂದಿತ್ತು.

ಗುಮಾಸ್ತರ ಮೂರನೆಯ ಪ್ರಶ್ನೆಗೆ ಉತ್ತರವೂ ಈ ಮಾನದಂಡದಲ್ಲೇ ಇದೆ. ಅದು ಅಳೆಯುವುದು ಕ್ಯಾಮೆರಾದ ಮುಂದೆ ಹಿಡಿದದ್ದನ್ನು ಮಾತ್ರ: ಕಾಗದ, ಪರದೆ, ಮುಖವಾಡ. ಡೀಪ್‌ಫೇಕ್ ಅನ್ನು ಪರದೆಯ ಮೇಲೆ ಓಡಿಸಿ ಕ್ಯಾಮೆರಾಕ್ಕೆ ತೋರಿಸಿದರೆ ಅದು ಪರದೆಯ ವಂಚನೆಯೇ, ನಿಮ್ಮ ಲೆಕ್ಕಿಗರ ವೀಡಿಯೊದಂತೆ ಅದೂ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಗಂಭೀರ ವಂಚಕರು ಹಾಗೆ ಮಾಡುವುದಿಲ್ಲ. ಅವರು ಕ್ಯಾಮೆರಾವನ್ನೇ ಬಳಸುವುದಿಲ್ಲ. ಕ್ಯಾಮೆರಾದಿಂದ ಆ್ಯಪ್‌ಗೆ ಚಿತ್ರ ಹರಿಯುವ ದಾರಿಯಲ್ಲೇ ತಮ್ಮ ವೀಡಿಯೊ ಸೇರಿಸುತ್ತಾರೆ. ಪಿಕ್ಸೆಲ್ ಜಾಲರಿ ಇಲ್ಲ, ಹಾಳೆಯ ಅಂಚಿಲ್ಲ, ಹೊಳಪಿಲ್ಲ. ನಾನು ಮೇಲೆ ವಿವರಿಸಿದ ಸಾಕ್ಷಿಗಳೆಲ್ಲ ಒಂದೇ ಏಟಿಗೆ ನಿರರ್ಥಕ.

ಇದು ಊಹೆಯ ಮಾತಲ್ಲ. ಚೀನಾದ ಶಾಂಘೈಯಲ್ಲಿ ಇಬ್ಬರು 2018ರಿಂದ ತೆರಿಗೆ ಇಲಾಖೆಯ ಮುಖ ತಪಾಸಣೆಯನ್ನು ಹೀಗೆ ದಾಟಿ, ಹೆಸರಿಗಷ್ಟೇ ಇರುವ ಕಂಪನಿಗಳನ್ನು ನೋಂದಾಯಿಸಿ 50 ಕೋಟಿ ಯುವಾನ್‌ಗೂ ಹೆಚ್ಚು ಮೊತ್ತದ ಸುಳ್ಳು ಬಿಲ್ಲುಗಳನ್ನು ಕೊಟ್ಟರು. ಪ್ರಕರಣ ಹೊರಬಿದ್ದದ್ದು 2021ರಲ್ಲಿ. ಸ್ಪಷ್ಟವಾದ ಫೋಟೋಗಳನ್ನೂ ಗುರುತಿನ ವಿವರಗಳನ್ನೂ ಕಾಳಸಂತೆಯಲ್ಲಿ ಕೊಂಡರು. ಆ ಫೋಟೋ ತಲೆಯಾಡಿಸುವಂತೆ, ಕಣ್ಣು ಮಿಟುಕಿಸುವಂತೆ, ಬಾಯಿ ತೆರೆಯುವಂತೆ ವೀಡಿಯೊ ಮಾಡಿದರು. ಒಳಗನ್ನು ತಿದ್ದಿದ ಒಂದು ಫೋನಿನಲ್ಲಿ, ತಪಾಸಣೆ ಕ್ಯಾಮೆರಾವನ್ನು ಕೇಳಿದಾಗ ಕ್ಯಾಮೆರಾ ತೆರೆದುಕೊಳ್ಳಲೇ ಇಲ್ಲ, ಬದಲಿಗೆ ಸಿದ್ಧ ವೀಡಿಯೊ ಹೋಯಿತು. ಕೇಳಿದ ಕಸರತ್ತುಗಳನ್ನೆಲ್ಲ ಮುಖ ಮಾಡಿತು, ಯಂತ್ರ ಒಪ್ಪಿತು. ನಿಮ್ಮ ಪ್ರಮಾಣಪತ್ರದ ಸೊನ್ನೆ ಈ ಘಟನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ಬಗೆಯ ವಂಚನೆಯ ಪರೀಕ್ಷೆಗೆ ಯುರೋಪಿನವರು 2024ರಲ್ಲಿ ಬೇರೆಯದೇ ಒಂದು ದಾಖಲೆ ತಂದಿದ್ದಾರೆ, ಸಿಇಎನ್ 18099. ಅದರ ಪ್ರಕಾರ ಪರೀಕ್ಷೆ ಆಗಿದೆಯೇ ಎಂದು ಕಂಪನಿಯವರನ್ನು ಕೇಳಿ.

ಹಾಂಗ್‌ಕಾಂಗ್ ಕನ್ನಡಿಗ

ನಾನಿರುವ ಊರಿನದ್ದೂ ಒಂದು ಪ್ರಕರಣವಿದೆ. 2023ರಲ್ಲಿ ಇಲ್ಲಿನ ಪೊಲೀಸರು ಒಂದು ಗುಂಪನ್ನು ಹಿಡಿದರು. ಕಳೆದುಹೋಗಿವೆ ಎಂದು ದೂರು ದಾಖಲಾಗಿದ್ದ ಎಂಟು ಗುರುತಿನ ಚೀಟಿಗಳು ಅವರ ಕೈಯಲ್ಲಿದ್ದವು. ಅವುಗಳಿಂದ 90 ಸಾಲದ ಅರ್ಜಿ, 54 ಬ್ಯಾಂಕ್ ಖಾತೆ ನೋಂದಣಿ. ಕನಿಷ್ಠ 20 ಬಾರಿ ಡೀಪ್‌ಫೇಕ್‌ನಿಂದ ಚೀಟಿಯಲ್ಲಿರುವ ವ್ಯಕ್ತಿಯ ಮುಖ ತೊಟ್ಟು ತಪಾಸಣೆಯನ್ನು ವಂಚಿಸಿದ್ದರು. ನನಗೆ ಆಶ್ಚರ್ಯವಾದದ್ದು ಡೀಪ್‌ಫೇಕ್ ಅಲ್ಲ. ಎಂಟು ಚೀಟಿಗಳಿಂದ ಅಷ್ಟೊಂದು ಅರ್ಜಿಗಳು ಹೋದದ್ದು.

ಪಂಚಾಯಿತಿ ಕಟ್ಟೆ

ಅಷ್ಟು ದೂರ ಹೋಗಬೇಕೇ? ಉದ್ಯೋಗ ಖಾತರಿ ಕೆಲಸದ ಹಾಜರಿ ಆ್ಯಪ್‌ನಲ್ಲಿ ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಎಂದು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈಯಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಡೀಪ್‌ಫೇಕ್ ಬೇಕಿಲ್ಲ ಸ್ವಾಮಿ, ಹಳೇ ಫೋಟೋ ಸಾಕು.

ರಾತ್ರಿ ಪಾಳಿ

ಕಟ್ಟೆಯವರೇ, ಆ ಹಾಜರಿಯಲ್ಲಿ ಗುಂಪಿನ ಫೋಟೋ ಹಾಕುವುದಷ್ಟೇ ಇತ್ತು, ಅದು ನಿಜವೋ ಎಂದು ನೋಡುವ ತಪಾಸಣೆ ಇರಲಿಲ್ಲ. ಆದರೂ ನಿಮ್ಮ ಮಾತಿನಲ್ಲಿ ಒಂದು ತಿರುಳಿದೆ: ಫೋಟೋ ಹಾಕಿದವರೇ ವಂಚನೆಯಲ್ಲಿ ಭಾಗಿಯಾದರೆ ಯಂತ್ರ ಯಾರ ಪರ ಕೆಲಸ ಮಾಡಬೇಕು?

ನಾನು ವೀಡಿಯೊ ಕೆವೈಸಿಯಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ, ಹೆಚ್ಚಾಗಿ ರಾತ್ರಿ. ನಾವು ಕೃತಕ ಮುಖವನ್ನು ಮುಖ ನೋಡಿ ಹಿಡಿದದ್ದು ಕಡಿಮೆ, ಹಿನ್ನೆಲೆ ನೋಡಿ ಹಿಡಿದದ್ದು ಹೆಚ್ಚು. ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ಹೆಸರು, ಬೇರೆ ಬೇರೆ ಮುಖ. ಆದರೆ ಹಿಂದೆ ಅದೇ ನೀಲಿ ಬಟ್ಟೆಯ ಪರದೆ, ಬಟ್ಟೆಯಲ್ಲಿ ಅದೇ ಮಡಿಕೆ, ಎಡಭುಜದ ಮೇಲೆ ಅದೇ ಕಡೆಯಿಂದ ಬಿದ್ದ ನೆರಳು. ಒಂದೊಂದೇ ಅರ್ಜಿ ತೆರೆದು ನೋಡಿದರೆ ಯಾವುದರಲ್ಲೂ ದೋಷವಿಲ್ಲ, ಮುಖ ಜೀವಂತವೇ ಎಂದು ಯಂತ್ರ ಕೊಡುವ ಲೈವ್‌ನೆಸ್ ಅಂಕವೂ ಚೆನ್ನಾಗಿದೆ. ಒಂದರ ಪಕ್ಕ ಒಂದಿಟ್ಟಾಗ ಮಾತ್ರ ಕಂಡಿತು. ಈ ಹೋಲಿಕೆಯನ್ನು ಈಗ ತಂತ್ರಾಂಶವೂ ಮಾಡುತ್ತದೆ. ಹಾಂಗ್‌ಕಾಂಗಿನವರು ಹೇಳಿದ ಪ್ರಕರಣದಲ್ಲಿಯೂ ಒಂದೇ ಚೀಟಿ, ಒಂದೇ ಫೋನ್ ಎಷ್ಟು ಬಾರಿ ಬಂತು ಎಂದು ಸಾಲಾಗಿ ಎಣಿಸುವವರು ಇದ್ದಿದ್ದರೆ ಅನುಮಾನ ಬೇಗ ಬರುತ್ತಿತ್ತು. ಗುಮಾಸ್ತರೇ, ನಿಮ್ಮ ಕಂಪನಿಯವರು ಪ್ರತಿ ಅರ್ಜಿಯನ್ನು ಒಂಟಿಯಾಗಿ ನೋಡುತ್ತಾರೋ, ಹಿಂದಿನ ಅರ್ಜಿಗಳ ಜೊತೆ ಹೋಲಿಸುತ್ತಾರೋ ಕೇಳಿ.

ಅಜ್ಜಂಪುರದವಳು

ನೀವೆಲ್ಲ ವಂಚಕರ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಅಮ್ಮ ವಂಚಕಿಯಲ್ಲ. ಅವರಿಗೆ ಮುಖದ ನರ ದುರ್ಬಲವಾಗಿ ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಒಂದು ವಿಮಾ ಕಂಪನಿಯ ಆ್ಯಪ್ "ಕಣ್ಣು ಮಿಟುಕಿಸಿ, ಕಣ್ಣು ಮಿಟುಕಿಸಿ" ಎಂದು ಕೇಳುತ್ತಲೇ ಹೋಗಿ ಕೊನೆಗೆ "ನಿಜವಾದ ವ್ಯಕ್ತಿ ಕಾಣುತ್ತಿಲ್ಲ" ಎಂದು ಮುಚ್ಚಿಕೊಂಡಿತು. ಅಮ್ಮ ನನ್ನ ಮುಖ ನೋಡಿ, "ನಾನು ನಿಜವಲ್ಲವಂತೆ ಕಣೇ" ಎಂದರು. ಸಹಾಯವಾಣಿಯವರು ಬೆಳಕಿರುವ ಜಾಗಕ್ಕೆ ಹೋಗಿ ಎಂದರು. ರೇಡಿಯೊ ಅವರೇ, ಮಿಟುಕಿಸಿದರೆ ಸಾಕು ಎನ್ನುವ ಮೊದಲು ಇಂಥವರನ್ನೂ ನೆನೆಸಿಕೊಳ್ಳಿ.

ಹಾಂಗ್‌ಕಾಂಗ್ ಕನ್ನಡಿಗ

ಮೇಡಂ, ಇದೇ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಅವರಿಗೆ ಬ್ಯಾಂಕ್ ಖಾತೆ ತೆರೆಯುವಾಗ ಕಣ್ಣು ಮಿಟುಕಿಸಲು ಆಗಲಿಲ್ಲ ಎಂಬ ಕಾರಣಕ್ಕೆ ತಡೆಯಾಯಿತು. ದೃಷ್ಟಿದೋಷವಿರುವ ಇನ್ನೊಬ್ಬರ ಅರ್ಜಿಯೂ ಜೊತೆಗಿತ್ತು. 2025ರ ಏಪ್ರಿಲ್ 30ರಂದು ನ್ಯಾಯಾಲಯ, ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಮಿಟುಕಿಸುವುದಕ್ಕೆ ಬದಲಿ ದಾರಿ ಇರಬೇಕು ಎಂಬುದು ಅದರ ತಿರುಳು. ಅದೇ ವರ್ಷ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಕೆವೈಸಿ ನಿರ್ದೇಶನವನ್ನು ತಿದ್ದಿ, ಲೈವ್‌ನೆಸ್ ತಪಾಸಣೆಯಿಂದ ವಿಶೇಷ ಅಗತ್ಯವುಳ್ಳವರು ಹೊರಗುಳಿಯಬಾರದು ಎಂದು ಸೇರಿಸಿತು. ಅಮ್ಮನ ಪರವಾಗಿ ಲಿಖಿತ ದೂರು ಕೊಡುವಾಗ ತೀರ್ಪಿನ ಉಲ್ಲೇಖ ಇರಲಿ.

ಧಾರವಾಡ ಗಣಿತ

ಅಜ್ಜಂಪುರದವರ ಮಾತಿಗೂ ಒಂದು ಲೆಕ್ಕವಿದೆ. ತಿಂಗಳಿಗೆ 1,000 ಅರ್ಜಿ, ಅದರಲ್ಲಿ 5 ವಂಚನೆ ಎಂದುಕೊಳ್ಳಿ. ಯಂತ್ರ ನಿಜವಾದವರಲ್ಲಿ ಶೇ. 3ರಷ್ಟನ್ನು ತಪ್ಪಾಗಿ ತಿರಸ್ಕರಿಸಿದರೆ ಸುಮಾರು 30 ಜನ. ಐದೂ ವಂಚನೆಗಳು ಸಿಕ್ಕವು ಎಂದೇ ಇಟ್ಟುಕೊಂಡರೂ ತಿರಸ್ಕೃತ 35ರಲ್ಲಿ 30 ಮಂದಿ ಪ್ರಾಮಾಣಿಕರು. ತಿರಸ್ಕೃತರೆಲ್ಲ ವಂಚಕರು ಎಂದು ಗುಮಾಸ್ತರ ಕಚೇರಿ ನಡೆದುಕೊಂಡರೆ ಏಳರಲ್ಲಿ ಆರು ಬಾರಿ ತಪ್ಪು ಮನುಷ್ಯನನ್ನು ಅವಮಾನಿಸಿದಂತೆ. ಪ್ರಮಾಣಪತ್ರದಲ್ಲಿ ಈ ಎರಡನೆಯ ಸಂಖ್ಯೆಯೂ ಇರಬೇಕು, ಅದನ್ನು ಯಾರೂ ಓದುವುದಿಲ್ಲ.

ಪತ್ತಿನ ಗುಮಾಸ್ತ

ಎಲ್ಲರಿಗೂ ಧನ್ಯವಾದ. ಕಂಪನಿಯವರಿಗೆ ಫೋನ್ ಮಾಡಿದೆ. ಪ್ರಮಾಣಪತ್ರ ಐಎಸ್‌ಒ 30107ರದ್ದೇ, ಸಿಇಎನ್ ದಾಖಲೆಯ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. "ಡೀಪ್‌ಫೇಕ್ ಹಿಡಿಯುವ ಮಾಡ್ಯೂಲ್ ಬೇರೆ ಇದೆ, ಅದಕ್ಕೆ ದರವೂ ಬೇರೆ" ಎಂದರು. ಇನ್ನೊಂದು ವಿಷಯವೂ ತಿಳಿಯಿತು. ನಮಗೆ ತೋರಿಸಿದ್ದು ಅವರ ಆ್ಯಪ್. ನಮ್ಮ ಸದಸ್ಯರಿಗೆ ಕೊಡುವುದು ಎಸ್‌ಎಂಎಸ್‌ನಲ್ಲಿ ಹೋಗುವ ಕೊಂಡಿ, ಅದು ಬ್ರೌಸರ್‌ನಲ್ಲಿ ತೆರೆಯುತ್ತದೆ, ಕಂಪ್ಯೂಟರ್‌ನಲ್ಲೂ ತೆರೆಯುತ್ತದೆ. ಇದರಿಂದ ವ್ಯತ್ಯಾಸವಾಗುತ್ತದೆಯೇ?

ಮಸೂರ

ತುಂಬಾ ಆಗುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಇದನ್ನು ಮೊದಲ ಸಾಲಿಗೆ ತನ್ನಿ.

ಕಂಪ್ಯೂಟರ್‌ನಲ್ಲಿ ವರ್ಚುವಲ್ ಕ್ಯಾಮೆರಾ, ಅಂದರೆ ಕ್ಯಾಮೆರಾದಂತೆ ನಟಿಸುವ ತಂತ್ರಾಂಶ, ಸಾಮಾನ್ಯ ವಸ್ತು. ಆನ್‌ಲೈನ್ ಪಾಠ ಮಾಡುವ ಶಿಕ್ಷಕರೂ ಬಳಸುತ್ತಾರೆ. ಬ್ರೌಸರ್‌ಗೆ ಅದೂ ಒಂದು ಕ್ಯಾಮೆರಾವೇ, ಅದರ ಹಿಂದೆ ಮಸೂರವಿದೆಯೋ ಕಡತವಿದೆಯೋ ಎಂದು ಖಚಿತವಾಗಿ ತಿಳಿಯುವ ದಾರಿ ಬ್ರೌಸರ್‌ಗಿಲ್ಲ. ಕ್ಯಾಮೆರಾದ ಹೆಸರು ನೋಡಿ ತಡೆಯಬಹುದು, ಆದರೆ ಹೆಸರು ಬದಲಿಸಿದರೆ ಆ ತಡೆ ಮುಗಿಯಿತು. ಆ್ಯಪ್ ಆದರೆ ಈ ಫೋನಿನ ತಂತ್ರಾಂಶ ತಿದ್ದಿದ್ದಲ್ಲ, ಈ ಆ್ಯಪ್ ಅಸಲಿಯದೇ ಎಂದು ಗೂಗಲ್ ಅಥವಾ ಆಪಲ್‌ನ ಸರ್ವರ್‌ನಿಂದ ಸಹಿ ಹಾಕಿದ ಉತ್ತರ ತರಿಸಿಕೊಳ್ಳಬಹುದು. ಶಾಂಘೈಯಲ್ಲಿ ಬಳಸಿದಂಥ ಫೋನು ಆ ಹಂತದಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು. ಇದೂ ಮುರಿಯಲಾರದ ಬೀಗವಲ್ಲ, ಆದರೆ ವಂಚಕನ ಖರ್ಚು ಏರುತ್ತದೆ.

ಎರಡನೆಯದು, ಪ್ರಶ್ನೆ ಎಲ್ಲಿ ಹುಟ್ಟುತ್ತದೆ ಎಂಬುದು. "ಬಲಕ್ಕೆ ತಿರುಗಿ, ನಗು ಬೀರಿ" ಎಂಬ ಕ್ರಮ ಪ್ರತಿ ಬಾರಿಯೂ ಒಂದೇ ಆಗಿದ್ದರೆ ವೀಡಿಯೊವನ್ನು ಮೊದಲೇ ಸಿದ್ಧಮಾಡಿಕೊಳ್ಳಬಹುದು. ಕೆಲವು ವ್ಯವಸ್ಥೆಗಳು ಫೋನಿನ ತೆರೆಯಿಂದ ಮುಖದ ಮೇಲೆ ಬಣ್ಣದ ಬೆಳಕು ಚೆಲ್ಲುತ್ತವೆ: ಕೆಂಪು, ಹಸಿರು, ನೀಲಿ, ಮತ್ತೆ ಕೆಂಪು. ಈ ಕ್ರಮವನ್ನು ಸರ್ವರ್ ಆ ಕ್ಷಣದಲ್ಲಿ ಆರಿಸುತ್ತದೆ. ವಾಪಸ್ಸು ಬಂದ ವೀಡಿಯೊದಲ್ಲಿ ಕೆನ್ನೆ, ಮೂಗಿನ ಬದಿ, ಹಣೆ ಅದೇ ಕ್ರಮದಲ್ಲಿ ಬಣ್ಣ ಪಡೆದಿರಬೇಕು, ಮೂಗಿನ ನೆರಳಿನ ಭಾಗ ಕಡಿಮೆ ಪಡೆದಿರಬೇಕು. ನಿನ್ನೆ ಮಾಡಿದ ವೀಡಿಯೊಗೆ ಇಂದಿನ ಬಣ್ಣದ ಕ್ರಮ ಗೊತ್ತಿರುವುದಿಲ್ಲ. ಬಿಸಿಲಿನಲ್ಲಿ ನಿಂತವರ ಮುಖದ ಮೇಲೆ ಫೋನಿನ ಬೆಳಕು ಬಿದ್ದರೂ ಕಾಣುವುದಿಲ್ಲ, ಅದು ಇದರ ದೌರ್ಬಲ್ಯ. ಮುಖವನ್ನು ಅದೇ ಹೊತ್ತಿನಲ್ಲಿ ಬದಲಿಸುವ ತಂತ್ರಾಂಶಗಳು ಬೆಳಕನ್ನೂ ಒಂದು ಮಟ್ಟಿಗೆ ಅನುಕರಿಸಲು ಕಲಿಯುತ್ತಿವೆ.

ಅಜ್ಜಂಪುರದ ಅಮ್ಮನಂಥವರಿಗೂ ಈ ಬೆಳಕಿನ ವಿಧಾನ ಒಳ್ಳೆಯದು. ಏನನ್ನೂ ಮಾಡಬೇಕಿಲ್ಲ, ಸುಮ್ಮನೆ ಕುಳಿತರೆ ಸಾಕು. ಆದರೆ ಮೂರ್ಛೆ ರೋಗ ಇರುವವರಿಗೆ ಮಿನುಗುವ ಬೆಳಕು ಅಪಾಯವಾಗಬಹುದು, ಅವರಿಗೆ ಬೇರೆ ದಾರಿ ಬೇಕೇ ಬೇಕು.

ಹಳೇ ರೇಡಿಯೊ

ಇಷ್ಟೆಲ್ಲ ಮಾಡಿದ ಮೇಲೆ, ತಿರಸ್ಕರಿಸುವಾಗ ಕಾರಣವನ್ನಾದರೂ ಸ್ಪಷ್ಟವಾಗಿ ಹೇಳಬಾರದೇ? "ಬೆಳಕು ಕಡಿಮೆ", "ಕಣ್ಣು ಮುಚ್ಚಲಿಲ್ಲ", "ಪರದೆ ಕಂಡಿತು" ಎಂದು.

ರಾತ್ರಿ ಪಾಳಿ

ಹೇಳಬಾರದು. "ಪರದೆ ಕಂಡಿತು" ಎಂದರೆ ವಂಚಕನಿಗೆ ಪಾಠ ಹೇಳಿಕೊಟ್ಟಂತೆ, ಮುಂದಿನ ಸಲ ಅದನ್ನೇ ತಿದ್ದಿಕೊಂಡು ಬರುತ್ತಾನೆ.

ಅಜ್ಜಂಪುರದವಳು

ಹೇಳದಿದ್ದರೆ ನನ್ನ ಅಮ್ಮನಿಗೆ ತಾವೇನು ತಪ್ಪು ಮಾಡಿದೆವು ಎಂದು ತಿಳಿಯುವುದಾದರೂ ಹೇಗೆ? "ನಿಜವಾದ ವ್ಯಕ್ತಿ ಕಾಣುತ್ತಿಲ್ಲ" ಎನ್ನುವುದಕ್ಕಿಂತ "ಕಣ್ಣು ಮುಚ್ಚಿದ್ದು ಕಾಣಲಿಲ್ಲ" ಎಂದಿದ್ದರೆ ನಾವು ಸಹಾಯವಾಣಿಗೆ ಅದನ್ನೇ ಹೇಳುತ್ತಿದ್ದೆವು. ಅರ್ಧ ದಿನ ಕಿಟಕಿಯಿಂದ ಕಿಟಕಿಗೆ ಕುರ್ಚಿ ಎಳೆಯುತ್ತಿರಲಿಲ್ಲ.

ಮಸೂರ

ಇದರಲ್ಲಿ ನಮ್ಮ ತಂಡದೊಳಗೇ ಒಮ್ಮತವಿಲ್ಲ. ಬೆಳಕು, ದೂರ, ಮಸುಕು ಇವುಗಳನ್ನು ಹೇಳುತ್ತೇವೆ, ವಂಚನೆಯ ಅನುಮಾನದ ಕಾರಣ ಹೇಳುವುದಿಲ್ಲ. ಆದರೆ ಕಣ್ಣು ಮುಚ್ಚದಿರುವುದು ಎರಡೂ ಗುಂಪಿಗೆ ಸೇರುತ್ತದೆ.

ಧಾರವಾಡ ಗಣಿತ

ಗುಮಾಸ್ತರೇ, ಯಂತ್ರ ಎಷ್ಟು ಚೆನ್ನಾಗಿದೆ ಎಂದು ನಾವು ಚರ್ಚಿಸುತ್ತಿದ್ದೇವೆ. ಅದು ತಪ್ಪಿದಾಗ ನಿಮ್ಮ ಸಂಘಕ್ಕೆ ಎಷ್ಟು ನಷ್ಟವಾಗಬಹುದು ಎಂದು ಮೊದಲು ತೀರ್ಮಾನಿಸಿ.

ಹಾಂಗ್‌ಕಾಂಗ್ ಕನ್ನಡಿಗ

ಅದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವೇ ಮಾದರಿ. ಬರೀ ಒಟಿಪಿ ಆಧಾರದ ಮೇಲೆ, ಮುಖಾಮುಖಿ ಇಲ್ಲದೆ ತೆರೆದ ಬ್ಯಾಂಕ್ ಖಾತೆಯಲ್ಲಿ ಬಾಕಿ 1 ಲಕ್ಷ ರೂಪಾಯಿ ಮೀರುವಂತಿಲ್ಲ, ವರ್ಷಕ್ಕೆ ಜಮೆ 2 ಲಕ್ಷ ಮೀರುವಂತಿಲ್ಲ, ಅವಧಿ ಸಾಲವಾದರೆ ವರ್ಷಕ್ಕೆ 60,000ದ ಒಳಗೆ. ವರ್ಷದೊಳಗೆ ಪೂರ್ಣ ಪರಿಶೀಲನೆ ಆಗಬೇಕು. ಮಿತಿ ಬೇಡವೆಂದರೆ ತರಬೇತಾದ ಅಧಿಕಾರಿ ವೀಡಿಯೊದಲ್ಲಿ ನೇರವಾಗಿ ಮಾತಾಡಬೇಕು, ಪ್ರಶ್ನೆಗಳ ಕ್ರಮವನ್ನೂ ಬದಲಿಸುತ್ತಿರಬೇಕು. ನಿಮ್ಮದು ಪತ್ತಿನ ಸಂಘ, ಬ್ಯಾಂಕ್ ಅಲ್ಲ. ಹಾಗಾಗಿ ಇದು ನಿಮ್ಮನ್ನು ನೇರವಾಗಿ ಕಟ್ಟುವುದಿಲ್ಲ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ರಾತ್ರಿ ಪಾಳಿ

ಜೊತೆಗೆ ಇನ್ನೊಂದು. 2023ರಲ್ಲಿ ಥಾಯ್ಲೆಂಡ್‌ನಲ್ಲಿ 50,000 ಬಾತ್‌ಗಿಂತ ದೊಡ್ಡ ವರ್ಗಾವಣೆಗೆ ಮುಖ ತಪಾಸಣೆ ಕಡ್ಡಾಯ ಮಾಡಿದರು. ಮರುವರ್ಷವೇ ಜನರಿಂದ ಅವರ ಮುಖದ ವೀಡಿಯೊವನ್ನೇ ಪಡೆದುಕೊಳ್ಳುವ ಕಳ್ಳ ಆ್ಯಪ್ ಒಂದರ ವಿವರ ಹೊರಬಂತು, ಗೋಲ್ಡ್‌ಪಿಕ್‌ಆ್ಯಕ್ಸ್ ಎಂದು ಹೆಸರು. ಸರ್ಕಾರಿ ಸೇವೆಯ ಆ್ಯಪ್ ಎಂದು ನಂಬಿ ಜನ ಅದು ಹೇಳಿದಂತೆ ತಲೆ ತಿರುಗಿಸಿದರು, ಕಣ್ಣು ಮಿಟುಕಿಸಿದರು. ಡೀಪ್‌ಫೇಕ್ ಮಾಡಲು ಬೇಕಾದ ಸಾಮಗ್ರಿ ಕೂತಲ್ಲೇ ಸಿಕ್ಕಿತು. ಸದಸ್ಯರಿಗೆ ಕೊಂಡಿ ಎಸ್‌ಎಂಎಸ್‌ನಲ್ಲಿ ಹೋಗುತ್ತದೆ ಎಂದಿರಲ್ಲ, ನಾಳೆ ಅದೇ ಬಗೆಯ ಎಸ್‌ಎಂಎಸ್ ಬೇರೆ ಯಾರಿಂದಲೋ ಬಂದರೆ ನಿಮ್ಮ ಸದಸ್ಯರಿಗೆ ಹೇಗೆ ತಿಳಿಯಬೇಕು?

ಪತ್ತಿನ ಗುಮಾಸ್ತ

ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: ಬ್ರೌಸರ್ ಕೊಂಡಿ ಬೇಡ, ಆ್ಯಪ್ ಮಾತ್ರ. ಪ್ರತಿ ಬಗೆಯ ವಂಚನೆಗೂ ಪ್ರಯತ್ನಗಳ ಸಂಖ್ಯೆ ಲಿಖಿತವಾಗಿ ಕೊಡಬೇಕು. ಹಳೆಯ ಅರ್ಜಿಗಳ ಜೊತೆ ಮುಖ ಮತ್ತು ಹಿನ್ನೆಲೆಯ ಹೋಲಿಕೆ ಇರಬೇಕು. ತಿರಸ್ಕೃತರಾದವರಿಗೆ ಎರಡು ದಿನದೊಳಗೆ ನಾನೇ ಫೋನ್ ಮಾಡಿ ವೀಡಿಯೊದಲ್ಲಿ ಮಾತಾಡುತ್ತೇನೆ. ಸೆಲ್ಫಿಯಿಂದ ಸದಸ್ಯತ್ವ ಮಾತ್ರ, ಸಾಲದ ಹಣ ಬಿಡುಗಡೆಗೆ ಮೊದಲು ಊರಿನ ಒಬ್ಬ ಹಳೆಯ ಸದಸ್ಯ ಕಚೇರಿಗೆ ಬಂದು ಜಾಮೀನು ಸಹಿ ಹಾಕಬೇಕು. ಕೊನೆಯದನ್ನು ನೋಡಿ ಅಧ್ಯಕ್ಷರು, "ಹಾಗಾದರೆ ಆನ್‌ಲೈನ್ ಯಾಕೆ?" ಎಂದು ಕೇಳಿದ್ದಾರೆ. ಸಭೆ ಗುರುವಾರ.

ಪಂಚಾಯಿತಿ ಕಟ್ಟೆ

ಆ ಜಾಮೀನುದಾರರ ಸೆಲ್ಫಿಯನ್ನೂ ತೆಗೆಯುತ್ತೀರಾ?